‘ಬರಬೇಕಂತ’ ಅಂದ್ರೆ ಯಾರು ಬರಬೇಕು? ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವಾಗ ಆಗುವ ದೋಷ, ಅದನ್ನು ಹುಡುಕುವ ದಾರಿ

ಹೋದ ವರ್ಷ ಕಾಕಾನ ಮಗಳ ಮದುವೆಗೆ ಇಳಕಲ್ ಸೀರೆ ನೇಯಿಸಬೇಕಿತ್ತು. ದಾಳಿಂಬರಿ ಬಣ್ಣದ ರೇಷ್ಮೆ ಸೀರೆ, ಟೋಪ್ ತೆನೆ ಸೆರಗು. ನಾನಿರೋದು ಬೆಳಗಾವಿಯಲ್ಲಿ, ಅವ್ವ ಮತ್ತು ತಮ್ಮ ಬಾಗಲಕೋಟೆಯಲ್ಲಿ. ನೇಕಾರರ ಜೊತೆ ಮಾತಾಡುವ ಕೆಲಸ ತಮ್ಮಂದು. ಒಂದು ಗುರುವಾರ ರಾತ್ರಿ ಅವ್ವ ಫೋನ್ ಮಾಡಿ ಹೀಗೆ ಹೇಳಿದಳು:

“ದಾಳಿಂಬರಿ ಇಲ್ಲಂತ. ನಾಳೆ ಹೋಗಿ ನೋಡಬೇಕಂತ. ಶುಕ್ರವಾರ ಬರಬೇಕಂತ. ರೊಕ್ಕ ಹಾಕಂತ ಹೇಳಿಲ್ಲ.”

ಸರಿ, ನನ್ನನ್ನೇ ಕರೆದಿದ್ದಾರೆ ಅಂದುಕೊಂಡೆ. ಶುಕ್ರವಾರ ರಜೆ ಹಾಕಿ ಬೆಳಗ್ಗೆಯೇ ಬಸ್ ಹತ್ತಿದೆ. ಬಸ್ಸು ಬಾಗಲಕೋಟೆಯಲ್ಲಿ ನಿಂತಿತ್ತು, ನಮ್ಮ ಮನೆ ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ, ಆದರೂ ಇಳಿಯಲಿಲ್ಲ, ಸೀದಾ ಇಳಕಲ್ಲಿಗೆ ಹೋದೆ. ಅಲ್ಲಿ ಮಗ್ಗ ಸುಮ್ಮನಿತ್ತು. ನೇಕಾರರ ಹೆಂಡತಿ ಹೊರಗೆ ಬಂದು, “ಅಯ್ಯ, ಅವರು ನಿಮ್ಮ ಮನಿಗೇ ಹೋಗ್ಯಾರಲ್ರೀ ಯಕ್ಕಾ!” ಅಂದರು. ಅದೇ ಹೊತ್ತಿಗೆ ಬಾಗಲಕೋಟೆಯಲ್ಲಿ ಅವ್ವ ಅವರಿಗೆ ಚಹಾ ಕೊಟ್ಟು ಕೂರಿಸಿದ್ದಳು.

ಯಾರೂ ಸುಳ್ಳು ಹೇಳಿರಲಿಲ್ಲ. ಕಿವಿಯೂ ಎಲ್ಲರದ್ದೂ ನೆಟ್ಟಗಿತ್ತು. ಕೆಟ್ಟಿದ್ದು ‘ಅಂತ’ ಅನ್ನೋ ಒಂದು ಮಾತಿನ ಹಿಂದೆ ಮುಂದೆ. ಆ ಮೇಲೆ ತಮ್ಮನನ್ನು ಕೂರಿಸಿಕೊಂಡು ಆ ಮಾತು ಎಲ್ಲೆಲ್ಲಿ ಹಾದು ಬಂತು ಅಂತ ಒಂದೊಂದೇ ಬಿಡಿಸಿ ನೋಡಿದೆ. ಬುಧವಾರ ಸಂಜೆ ನೇಕಾರರು ತಮ್ಮನಿಗೆ ಹೇಳಿದ್ದು ಇದು:

“ದಾಳಿಂಬರಿ ಬಣ್ಣದ ರೇಷ್ಮಿ ಇನ್ನೂ ಸಿಕ್ಕಿಲ್ರಿ. ನಾಳೆ ಹುಬ್ಬಳ್ಳಿಗೆ ಹೋಗಿ ನೋಡಬೇಕು. ಸಿಕ್ರ ಶುಕ್ರವಾರ ಬರಬೇಕಂತ ಮಾಡೀನಿ. ಅಲ್ಲಿತನಕ ರೊಕ್ಕ ಹಾಕಬ್ಯಾಡ್ರಿ.”

ತಮ್ಮ ಗುರುವಾರ ಬೆಳಗ್ಗೆ ಅವ್ವನಿಗೆ ಹೇಳಿದ್ದು:

“ರೇಷ್ಮಿ ಸಿಕ್ಕಿಲ್ಲಂತ. ನಾಳೆ ಹೋಗಿ ನೋಡಬೇಕಂತ. ಸಿಕ್ರ ಶುಕ್ರವಾರ ಬರಬೇಕಂತ. ರೊಕ್ಕ ಹಾಕಬ್ಯಾಡ ಅಂದಾರ.”

ಮೂರನ್ನೂ ಪಕ್ಕ ಪಕ್ಕ ಇಟ್ಟು ಓದಿ. ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವು ಇವುಗಳಿಂದಲೇ ಬಂದವು. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

ಲಕ್ಷಣ 1: ಮಾತು ಪೂರ್ತಿ ಕೇಳಿಸಿತು, ಆದರೆ ‘ಯಾರು ಹೇಳಿದ್ದು’ ಗೊತ್ತಾಗಲಿಲ್ಲ

ಮೊದಲ ತಪಾಸಣೆಗೆ ಏನೂ ಖರ್ಚಿಲ್ಲ. ‘ಅಂತ’ ಆದಮೇಲೆ ಏನಿದೆ ನೋಡಿ.

ಮೈಸೂರು, ಬೆಂಗಳೂರು ಕಡೆಯವರ ಬಾಯಲ್ಲಿ ‘ಅಂತ’, ‘ಅಂತೆ’ ಎರಡು ಬೇರೆ ಮಾತು. ‘ಬರ್ತೀನಿ ಅಂತ ಹೇಳಿದ’ ಅನ್ನುವಾಗ ‘ಅಂತ’ ಬರೀ ಕೊಂಡಿ. ಆಡಿದ ಮಾತನ್ನು ‘ಹೇಳಿದ’ ಅನ್ನೋದಕ್ಕೆ ಜೋಡಿಸುತ್ತದೆ. ‘ಬರ್ತಾನಂತೆ’ ಅನ್ನುವಾಗ ‘ಅಂತೆ’ ಬೇರೆ ಕೆಲಸ ಮಾಡುತ್ತದೆ. ‘ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದರು, ಹೊಣೆ ನನ್ನದಲ್ಲ’ ಅನ್ನೋದು ಅದರ ಅರ್ಥ. ನಮ್ಮ ಕಡೆ ‘ಬಂದರೆ’ ಅನ್ನೋದು ‘ಬಂದ್ರ’ ಆಗುವ ಹಾಗೆ, ‘ಬರ್ತಾರೆ’ ಅನ್ನೋದು ‘ಬರ್ತಾರ’ ಆಗುವ ಹಾಗೆ, ಈ ‘ಅಂತೆ’ಯೂ ‘ಅಂತ’ ಆಗಿಬಿಟ್ಟಿದೆ. ಒಂದೇ ಸದ್ದು, ಎರಡು ಕೆಲಸ.

ಬೆಳಗಾವಿಯಲ್ಲಿ ನನ್ನ ಮನೆ ಮಾಲಕರದ್ದು ಮರಾಠಿ. ಅವರಲ್ಲೂ ಇವು ಬೇರೆ ಬೇರೆಯೇ ಉಳಿದಿವೆ. ಕೇಳಿದ ಸುದ್ದಿಗೆ ‘ಮ್ಹಣೇ’, ಮಾತನ್ನು ಜೋಡಿಸೋದಕ್ಕೆ ‘ಮ್ಹಣೂನ್’. ವಿಜಯಪುರದ ದಖನಿ ಉರ್ದು ಮಾತಾಡುವ ಗೆಳತಿಯರು ಜೋಡಿಸೋದಕ್ಕೆ ‘ಬೋಲ್ಕೆ’ ಅನ್ನುತ್ತಾರೆ, ಅದು ನಮ್ಮ ‘ಅಂತ’ದ ಅಚ್ಚಿನಲ್ಲೇ ಎರಕ ಹೊಯ್ದ ಹಾಗಿದೆ. ಇಷ್ಟೆಲ್ಲ ಅನುಕೂಲ ಸುತ್ತಲೂ ಇದ್ದು ನಾವು ಮಾತ್ರ ಒಂದೇ ‘ಅಂತ’ದಲ್ಲಿ ಸಂಸಾರ ನಡೆಸುತ್ತಿದ್ದೇವೆ, ನಡೆಯುತ್ತಲೂ ಇದೆ, ವಾಕ್ಯ ಪೂರ್ತಿ ಹೇಳುವವರೆಗೆ.

ನಮ್ಮಲ್ಲಿ ಗುರುತು ಹಿಡಿಯೋದು ಹೀಗೆ. ‘ಅಂತ’ ಆದಮೇಲೆ ಹೇಳ್ಯಾನ, ಅಂದಾಳ, ಕೇಳಿದ್ರು, ಮಾಡೀನಿ ಅನ್ನೋ ಮಾತು ಇದ್ದರೆ ಅದು ಕೊಂಡಿ. ‘ಅಂತ’ದಲ್ಲೇ ವಾಕ್ಯ ನಿಂತರೆ ಅದು ಕೇಳಿದ ಸುದ್ದಿ. ತೊಂದರೆ ಏನಂದರೆ, ಕೊಂಡಿ ಆದಮೇಲಿನ ಮಾತನ್ನು ಸುಮ್ನೆ ನುಂಗಿದರೆ ಉಳಿಯೋದು ಕೇಳಿದ ಸುದ್ದಿಯ ಆಕಾರವೇ. ವಾಕ್ಯ ಮುರಿದದ್ದು ಕಿವಿಗೆ ಗೊತ್ತಾಗೋದಿಲ್ಲ.

ನಮ್ಮ ಸೀರೆಯ ವಿಷಯದಲ್ಲಿ ಆಗಿದ್ದು ಇದೇ. ‘ಬರಬೇಕಂತ ಮಾಡೀನಿ’ ಅಂದರೆ ಬರುವ ಮನಸ್ಸು ಮಾಡಿದ್ದೇನೆ ಅಂತ ಅರ್ಥ. ಅಲ್ಲಿ ‘ಅಂತ’ ಕೊಂಡಿ. ತಮ್ಮ ‘ಮಾಡೀನಿ’ ಬಿಟ್ಟ. ಉಳಿದದ್ದು ‘ಬರಬೇಕಂತ’. ಈಗ ಅದರ ಅರ್ಥ ‘ಬರಲೇಬೇಕು ಅಂತ ಹೇಳಿದ್ದಾರೆ’. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಅಪ್ಪಣೆಯಾಯಿತು. ಬಿದ್ದದ್ದು ಒಂದೇ ಮಾತು.

ಪರಿಹಾರ ಸಣ್ಣದು. ಇನ್ನೊಬ್ಬರ ಮಾತು ಮುಟ್ಟಿಸುವಾಗ ‘ಅಂತ’ದಲ್ಲಿ ನಿಲ್ಲಿಸಬೇಡಿ, ಬಾಲ ಸೇರಿಸಿ: ‘ಬರಬೇಕಂತ ಮಾಡ್ಯಾರ’. ಪ್ರತಿ ವಾಕ್ಯಕ್ಕೂ ಬೇಕಿಲ್ಲ, ಯಾರು ಏನು ಮಾಡಬೇಕು ಅನ್ನೋ ವಾಕ್ಯಕ್ಕೆ ಮಾತ್ರ ಸಾಕು.

ಇಲ್ಲೇ ಇನ್ನೊಂದು ‘ಅಂತ’ ಇದೆ, ಮೂರನೆಯದು. ಕಾಲ ಮೇಲೆ ಬಿದ್ದು ಅಳುವ ಮಗುವಿಗೆ “ನಾಳೆ ಕೊಡಸ್ತೀನಂತ, ಸುಮ್ಮನಾಗು” ಅನ್ನುತ್ತೇವೆ. “ನಾಳೆ ಹೋಗೂಣಂತ ಬಿಡು” ಅನ್ನುತ್ತೇವೆ. ಅಲ್ಲಿ ಬೇರೆ ಯಾರೂ ಏನೂ ಹೇಳಿಲ್ಲ, ಅದು ಸಮಾಧಾನದ ‘ಅಂತ’. ‘ನಾನು’, ‘ನಾವು’ ಸೇರಿದ ಕ್ರಿಯಾಪದದ ಮೇಲೆ ಬಂದು, ಅಲ್ಲೇ ವಾಕ್ಯ ನಿಂತರೆ ಇದಾಗಿರುವ ಸಂಭವ ಜಾಸ್ತಿ. ಹಾಗಾಗಿ ಅಂಗಡಿಗೆ ಕಳಿಸಿದ ಹುಡುಗ ಬಂದು “ರೊಕ್ಕ ಆಮ್ಯಾಲ ಕೊಡ್ತೀನಂತ” ಅಂದರೆ, ಅಂಗಡಿಯವರು ಕೊಡುತ್ತಾರೋ, ಹುಡುಗ ನಿಮ್ಮನ್ನು ಸಮಾಧಾನ ಮಾಡುತ್ತಿದ್ದಾನೋ, ಒಮ್ಮೆ ಕೇಳಿಬಿಡಿ. ಚಿಲ್ಲರೆ ಅವನ ಕಿಸೆಯಲ್ಲೂ ಇರಬಹುದು.

ಲಕ್ಷಣ 2: ಯಾರು ಹೇಳಿದರು ಗೊತ್ತಾಯಿತು, ಆದರೆ ಮಾಡಬೇಕಾದವರು ಯಾರು ಅನ್ನೋದು ಅದಲುಬದಲು

ಈಗ ‘ಅಂತ’ದ ಹಿಂದೆ ನೋಡಿ. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಯಾರು ಅಂತ ಹೇಳುತ್ತದೆ. ಬರ್ತೀನಿ ಅಂದರೆ ನಾನು, ಬರ್ತೀರಿ ಅಂದರೆ ನೀವು, ಬರ್ತಾನ ಅಂದರೆ ಅವನು. ‘ಅಂತ’ ಸೇರಿದಾಗ ಕೊನೆಯ ಸ್ವರ ಹೋಗುತ್ತದೆ, ಗುರುತು ಉಳಿಯುತ್ತದೆ: ಬರ್ತೀನಂತ, ಬರ್ತೀರಂತ, ಬರ್ತಾನಂತ.

ಇಲ್ಲಿ ಗೊತ್ತಿರಬೇಕಾದ್ದು ಒಂದಿದೆ. ಕನ್ನಡದಲ್ಲಿ ಇನ್ನೊಬ್ಬರ ಮಾತು ಹೇಳುವಾಗ ಅವರ ‘ನಾನು’ವನ್ನು ಹಾಗೇ ಇಟ್ಟುಕೊಂಡು ಹೇಳುವ ರೂಢಿ ಇದೆ. “ಬಸ್ಯಾ ಬರ್ತೀನಂತ ಹೇಳ್ಯಾನ” ಅಂದರೆ ಬರುವವನು ಬಸ್ಯಾ, ನಾನಲ್ಲ. “ಬಸ್ಯಾ ಬರ್ತಾನಂತ ಹೇಳ್ಯಾನ” ಅಂದರೆ ಬರುವವನು ಹೆಚ್ಚಾಗಿ ಬೇರೆಯವನು, ಬಸ್ಯಾ ಆ ಸುದ್ದಿ ಕೊಟ್ಟವನು. ಸಾಲಿಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿತ ಮಕ್ಕಳು, ಬೇರೆಯವರ ಮಾತಿನಲ್ಲಿ ‘ನಾನು’ ಇದ್ದರೆ ‘ಅವನು’ ಮಾಡಬೇಕು ಅನ್ನೋ ನಿಯಮವನ್ನು ಕನ್ನಡಕ್ಕೂ ಹಚ್ಚುತ್ತಾರೆ. ವ್ಯಾಕರಣ ತಪ್ಪಾಗೋದಿಲ್ಲ, ಮನುಷ್ಯ ಬದಲಾಗುತ್ತಾನೆ.

ಅನುಮಾನ ಬಂದರೆ ‘ತಾ’ ಅಥವಾ ‘ತಾನು’ ಹಾಕಿ ನೋಡಿ. “ಬಸ್ಯಾ ತಾ ಬರ್ತೀನಂತ ಹೇಳ್ಯಾನ.” ಈ ‘ತಾ’ ತಿರುಗಿ ಹೋಗೋದು ಮಾತಾಡಿದವನ ಹತ್ತಿರಕ್ಕೇ. ಅದನ್ನು ಹಾಕಿದಾಗ ವಾಕ್ಯ ಸರಿಯಾಗಿ ಕೂತರೆ ಬರುವವನು ಬಸ್ಯಾನೇ. ‘ತಾ’ ಒಗ್ಗದೆ ‘ಆಂವ’ ಅಥವಾ ಇನ್ನೊಂದು ಹೆಸರೇ ಬೇಕು ಅನ್ನಿಸಿದರೆ ಬೇರೆಯವರು. ಎರಡು ಸೆಕೆಂಡಿನ ಪರೀಕ್ಷೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಗೊಂದಲ ಇದರಲ್ಲೇ ಬಗೆಹರಿಯುತ್ತವೆ.

ಉಳಿದ ಎರಡು ಬಗೆಹರಿಯದಿರೋದಕ್ಕೂ ಕಾರಣ ಇದೆ. ಕೆಲವು ಕ್ರಿಯಾಪದಗಳಿಗೆ ಆ ಬಾಲವೇ ಇಲ್ಲ. ಬೇಕು, ಬ್ಯಾಡ, ಬರಲಿಲ್ಲ, ಬರೂದಿಲ್ಲ, ಬರಂಗಿಲ್ಲ, ಆಗಂಗಿಲ್ಲ. ನಾ ಬರಲಿಲ್ಲ, ನೀ ಬರಲಿಲ್ಲ, ಆಂವ ಬರಲಿಲ್ಲ, ಎಲ್ಲಕ್ಕೂ ಒಂದೇ ರೂಪ. ಎದುರಾಎದುರು ಮಾತಾಡುವಾಗ ಇದು ತೊಡಕಲ್ಲ. ನೇಕಾರರು “ನಾಳೆ ಹುಬ್ಬಳ್ಳಿಗೆ ಹೋಗಿ ನೋಡಬೇಕು” ಅಂದಾಗ ಹೋಗುವವರು ಅವರೇ ಅಂತ ತಮ್ಮನಿಗೆ ಗೊತ್ತಿತ್ತು. ಹೇಳಬೇಕಾಗಿರಲಿಲ್ಲ, ಅವರೂ ‘ನಾ’ ಅನ್ನಲಿಲ್ಲ. ಅದೇ ಮಾತು ‘ನೋಡಬೇಕಂತ’ ಆಗಿ ಎರಡು ಬಾಯಿ ದಾಟಿದಾಗ ಹಿಡಿದುಕೊಳ್ಳೋದಕ್ಕೆ ಬಾಲವೂ ಇಲ್ಲ, ‘ನಾ’ ಕೂಡ ಇಲ್ಲ. ತಮ್ಮ ‘ಹುಬ್ಬಳ್ಳಿ’ಯನ್ನೂ ಬಿಟ್ಟಿದ್ದ. ನೋಡಬೇಕಾದವಳು ನಾನಾದೆ.

ಹಾಗಾಗಿ ಬೇಕು, ಬ್ಯಾಡ, ಇಲ್ಲ ಅನ್ನೋವು ಕೊನೆಯಲ್ಲಿ ಬಂದರೆ ಹೆಸರು ಹಾಕೋದು ಬಿಟ್ಟು ಬೇರೆ ದಾರಿಯಿಲ್ಲ. ಕೇಳುವ ಕಡೆ ನೀವಿದ್ದರೆ ಕೇಳಬೇಕಾದ ಪ್ರಶ್ನೆಯೂ ಒಂದೇ: “ಬರಬೇಕಂತ ಅಂದ್ರ ಯಾರು? ನಾನೋ, ಅವರೋ?” ಅವ್ವನಿಗೆ ಇದನ್ನು ಕೇಳಿದ್ದರೆ ಆ ದಿನದ ರಜೆ ಉಳಿಯುತ್ತಿತ್ತು.

ಲಕ್ಷಣ 3: ಮನುಷ್ಯರು ಸರಿ, ದಿನ ಅಥವಾ ಊರು ತಪ್ಪಿತು

ನಾಳೆ, ನಿನ್ನೆ, ಇವತ್ತು, ಇಲ್ಲಿ, ಅಲ್ಲಿ, ಬಾ, ಹೋಗು. ಇವೆಲ್ಲ ಮಾತಾಡುವವನ ಕಾಲ ಕೆಳಗಿನ ನೆಲಕ್ಕೆ ಕಟ್ಟಿದ ಮಾತುಗಳು. ಬುಧವಾರದ ‘ನಾಳೆ’ ಅಂದರೆ ಗುರುವಾರ. ತಮ್ಮ ಅದನ್ನು ಗುರುವಾರ ಬೆಳಗ್ಗೆ ‘ನಾಳೆ’ ಅಂತಲೇ ಹೇಳಿದ, ಶುಕ್ರವಾರ ಆಯಿತು. ಅವ್ವ ಗುರುವಾರ ರಾತ್ರಿ ಮತ್ತೆ ‘ನಾಳೆ’ ಅಂದಳು.

ಕೆಟ್ಟದ್ದು ಏನಂದರೆ, ಹೀಗೆ ಜಾರಿದ ‘ನಾಳೆ’ ಬಂದು ಮುಂದಿನ ವಾಕ್ಯದ ‘ಶುಕ್ರವಾರ’ಕ್ಕೆ ಸರಿಯಾಗಿ ಹೊಂದಿಕೊಂಡಿತು. ನಾಳೆ ಶುಕ್ರವಾರ, ನಾಳೆ ನೋಡಬೇಕಂತ, ಶುಕ್ರವಾರ ಬರಬೇಕಂತ, ಎಷ್ಟು ಚಂದ ಕೂಡಿ ಬಂತು ಅಂದುಕೊಂಡೆ. ಎರಡು ತಪ್ಪು ಒಂದಕ್ಕೊಂದು ಸಾಕ್ಷಿ ಹೇಳಿದರೆ ಅನುಮಾನವೇ ಬರೋದಿಲ್ಲ. ನಿಜವಾಗಿ ನೋಡಿದರೆ ಒಂದೇ ದಿನವನ್ನು ಎರಡು ಹೆಸರಲ್ಲಿ ಯಾರಾದರೂ ಯಾಕೆ ಹೇಳುತ್ತಾರೆ? ಅಲ್ಲೇ ನಿಲ್ಲಬೇಕಿತ್ತು ನಾನು.

ತಪಾಸಣೆ: ‘ಅಂತ’ದ ಒಳಗೆ ನಾಳೆ, ನಿನ್ನೆ ಇದ್ದರೆ “ಅವರು ಯಾವಾಗ ಅಂದಿದ್ದು?” ಅಂತ ಕೇಳಿ. ದಾಟಿಸುವವರು ನೀವಾಗಿದ್ದರೆ ‘ನಾಳೆ’ ತೆಗೆದು ವಾರದ ಹೆಸರು ಹಾಕಿ. ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಮುಂದೆ ಕಳಿಸುವಾಗಲೂ ಇದೇ ಕಷ್ಟ. ಪಕ್ಕದಲ್ಲಿ ಕಾಣೋದು ನೀವು ಕಳಿಸಿದ ಹೊತ್ತು, ಅವರು ಮಾತಾಡಿದ ಹೊತ್ತಲ್ಲ.

ಬಾ, ಹೋಗು ಇನ್ನೂ ಮೋಸದವು. ನೇಕಾರರು “ಬರಬೇಕಂತ ಮಾಡೀನಿ” ಅಂದಾಗ ‘ಬರು’ ತಮ್ಮನಿರುವ ಬಾಗಲಕೋಟೆಯ ಕಡೆಗೆ. ನನ್ನ ಕಿವಿಗೆ ಬಿದ್ದಾಗ ಅದು ಹೇಳಿದವರಿರುವ ಇಳಕಲ್ಲಿನ ಕಡೆಗೆ ತಿರುಗಿತ್ತು. ಊರಿನ ಹೆಸರು ಒಂದು ಸಾರಿ ಬಂದಿದ್ದರೂ ಸಾಕಿತ್ತು.

ಆದರೆ ಕಾಲವನ್ನು ಮಾತ್ರ ಮುಟ್ಟಬೇಡಿ. ‘ಬರ್ತೀನಿ’ ಅಂತ ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಾಗಲೂ ‘ಬರ್ತೀನಂತ ಹೇಳಿದ’ ಅಂತಲೇ ಅನ್ನಬೇಕು. ಇಂಗ್ಲಿಷಿನಿಂದ ಅನುವಾದ ಮಾಡುವವರು “ತನಗೆ ಹುಷಾರಿರಲಿಲ್ಲ ಎಂದು ಹೇಳಿದ” ಅಂತ ಬರೆದುಬಿಡುತ್ತಾರೆ. ಅವನು ಹೇಳಿದ್ದು “ನನಗೆ ಹುಷಾರಿಲ್ಲ” ಅಂತ. ಕನ್ನಡದ ಓದುಗನಿಗೆ ಮೊದಲಿನದ್ದು ‘ಹಿಂದೆ ಯಾವಾಗಲೋ ಹುಷಾರಿರಲಿಲ್ಲ, ಈಗ ಆರಾಮಾಗಿದ್ದಾನೆ’ ಅನ್ನೋ ಹಾಗೆ ಕೇಳುತ್ತದೆ. ದಿನದ ಹೆಸರು ಬದಲಿಸಿ, ಕ್ರಿಯಾಪದದ ಕಾಲ ಹಾಗೇ ಬಿಡಿ.

ಲಕ್ಷಣ 4: ‘ಬೇಡ’ ಅಂದದ್ದು ‘ಏನೂ ಅನ್ನಲಿಲ್ಲ’ ಆಯಿತು

ಸೀರೆಯವರು ಹೇಳಿದ್ದು ‘ರೊಕ್ಕ ಹಾಕಬ್ಯಾಡ್ರಿ’. ರೇಷ್ಮೆ ಸಿಗೋವರೆಗೆ ದರ ಗೊತ್ತಾಗೋದಿಲ್ಲ, ಅದಕ್ಕೆ ಬೇಡ ಅಂದಿದ್ದರು. ಅವ್ವ ಹೇಳಿದ್ದು ‘ರೊಕ್ಕ ಹಾಕಂತ ಹೇಳಿಲ್ಲ’. ಅವಳ ಪ್ರಕಾರ ಎರಡೂ ಒಂದೇ. ನಾನು ‘ಕೇಳಿಲ್ಲ ಅಷ್ಟೇ, ಹಾಕಿದರೆ ಒಳ್ಳೆಯದೇ’ ಅಂದುಕೊಂಡು 2,000 ರೂಪಾಯಿ ಮುಂಗಡ ಫೋನಿನಿಂದಲೇ ಕಳಿಸಿದೆ.

ಈ ನಾಲ್ಕನ್ನು ಜೋರಾಗಿ ಓದಿ ನೋಡಿ:

ಹಾಕು ಅಂತ ಹೇಳ್ಯಾರ.
ಹಾಕು ಅಂತ ಹೇಳಿಲ್ಲ.
ಹಾಕಬ್ಯಾಡ ಅಂತ ಹೇಳ್ಯಾರ.
ಹಾಕಬ್ಯಾಡ ಅಂತ ಹೇಳಿಲ್ಲ.

ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಾಣೋದು ‘ಬ್ಯಾಡ’ ಅಥವಾ ‘ಇಲ್ಲ’ ಎಲ್ಲಿ ಕೂತಿದೆ ಅನ್ನೋ ವ್ಯತ್ಯಾಸ. ‘ಅಂತ’ದ ಹಿಂದೆ ಇದ್ದರೆ ಆ ಬೇಡ ಅನ್ನೋದು ಹೇಳಿದವರದ್ದು. ‘ಅಂತ’ದ ಮುಂದೆ ಬಂದರೆ ಅವರು ಆ ಮಾತೇ ಎತ್ತಲಿಲ್ಲ ಅಂತ ಅರ್ಥ. ‘ಇಲ್ಲ’ ಅನ್ನೋದು ವಾಕ್ಯದ ಕೊನೆಗೆ ಓಡಲು ನೋಡುತ್ತದೆ, ಯಾಕೆಂದರೆ ಕನ್ನಡದಲ್ಲಿ ಅದರ ಜಾಗ ಅಲ್ಲೇ. “ಬರ್ತೀನಂತ ಹೇಳಿಲ್ಲ” ಅಂದರೆ ಇನ್ನೂ ಗಟ್ಟಿ ಮಾಡಿಲ್ಲ. “ಬರಂಗಿಲ್ಲಂತ ಹೇಳ್ಯಾನ” ಅಂದರೆ ಅವನ ಎಲೆ ಹಾಕೋದು ಬೇಡ. ಮದುವೆ ಮನೆಯಲ್ಲಿ ಇದರ ಲೆಕ್ಕ ಅಡುಗೆಯವರಿಗೆ ಮುಟ್ಟುತ್ತದೆ.

ತಪಾಸಣೆಗೆ ಕೇಳಿ: “ಬ್ಯಾಡ ಅಂದಾರೋ, ಏನೂ ಅಂದಿಲ್ಲೋ?” ನಾನು ಈಗ ಅವ್ವನಿಗೆ ಕೇಳೋದೇ ಇದನ್ನು, ಅವಳಿಗೆ ಬ್ಯಾಸರ ಬಂದಿದೆ.

ಲಕ್ಷಣ 5: ‘ಕೇಳಿದೆ’ ಅಂದಾಗ ವಿಚಾರಿಸಿದ್ದೋ, ಕಿವಿಗೆ ಬಿದ್ದದ್ದೋ?

ಇದು ಸಣ್ಣದು, ಬೇಗ ಮುಗಿಸುತ್ತೇನೆ. ‘ಕೇಳು’ ಅನ್ನೋದಕ್ಕೆ ಎರಡು ಅರ್ಥ. “ಬಂದಾನಂತ ಕೇಳಿದೆ” ಅಂದರೆ ಬಂದ ಸುದ್ದಿ ಕಿವಿಗೆ ಬಿತ್ತು. “ಬಂದಾನಾ ಅಂತ ಕೇಳಿದೆ” ಅಂದರೆ ವಿಚಾರಿಸಿದೆ. ನಡುವೆ ಇರೋದು ಒಂದು ದೀರ್ಘ, ಫೋನಿನಲ್ಲಿ ಅದು ಉಳಿಯೋದಿಲ್ಲ. ನಮ್ಮ ಕಡೆಯ ‘ಏನು’ ಇಲ್ಲಿ ಬಹಳ ಉಪಯೋಗದ್ದು: “ಬಂದಾನೇನಂತ ಕೇಳಿದೆ.” ಈಗ ಯಾರಿಗೂ ತಪ್ಪು ಕೇಳಿಸೋದಿಲ್ಲ.

ಲಕ್ಷಣ 6: ಮಾತು ಸರಿ ಮುಟ್ಟಿತು, ಆದರೆ ಕೇಳಿದವರು ಸಿಟ್ಟಾದರು

ನೇಕಾರರು ಅಂದಿದ್ದು ‘ಬ್ಯಾಡ್ರಿ’, ತಮ್ಮ ದಾಟಿಸಿದ್ದು ‘ಬ್ಯಾಡ ಅಂದಾರ’. ಅವ್ವನಿಗೆ ಹೇಳುವಾಗ ‘ರಿ’ ಬಿದ್ದುಹೋಯಿತು. ಮನೆಯೊಳಗೆ ನಡೆಯುತ್ತದೆ. ಆದರೆ ಬೀಗರ ಮುಂದೆ “ಲಗೂನ ಬಾ ಅಂದಾರ” ಅಂದುಬಿಟ್ಟರೆ, ಆ ಏಕವಚನ ನಿಮ್ಮದೋ, ಕಳಿಸಿದವರದ್ದೋ ಅಂತ ಅವರು ಎಣಿಸೋದಕ್ಕೆ ಶುರು ಮಾಡುತ್ತಾರೆ. ‘ಅಂತ’ದ ಒಳಗಿನ ಗೌರವವನ್ನು ಮೂಲದಲ್ಲಿ ಹೇಗಿತ್ತೋ ಹಾಗೇ ಇಡಬೇಕು ಅನ್ನೋದು ನಿಯಮವಾದರೂ, ಹಿರಿಯರ ಮುಂದೆ ನಾನು ಆ ನಿಯಮ ಮುರಿಯುತ್ತೇನೆ. ಅಜ್ಜ “ಆಂವಗ ಬರಾಕ ಹೇಳು” ಅಂದಿದ್ದರೂ ಬೀಗರಿಗೆ “ಬರ್ರಿ ಅಂದಾರ್ರಿ” ಅಂತಲೇ ಹೇಳೋದು. ಇಲ್ಲವೇ ‘ಅಂತ’ವನ್ನೇ ಬಿಟ್ಟು “ನಿಮಗ ಬರಾಕ ಹೇಳ್ಯಾರ್ರಿ” ಅನ್ನಿ. ಅಲ್ಲಿ ಅಜ್ಜನ ಮಾತು ಹಾಗೇ ಬರೋದಿಲ್ಲ, ಹುರುಳು ಮಾತ್ರ ಮುಟ್ಟುತ್ತದೆ, ಏಕವಚನ ಬಹುವಚನದ ತಂಟೆಯೇ ಇಲ್ಲ.

ಲಕ್ಷಣ 7: ಎರಡು ಮೂರು ಬಾಯಿ ದಾಟಿದ ಮಾತು, ಎಲ್ಲಿ ಕೆಟ್ಟಿತು ಗೊತ್ತಾಗುತ್ತಿಲ್ಲ

ಇದು ಕಷ್ಟದ್ದು. “ಅವ್ವ ಅಂದ್ಲು, ತಮ್ಮ ಹೇಳ್ದಂತ, ಅವರು ಬರಬೇಕಂತ ಮಾಡ್ಯಾರಂತ.” ಇದರಲ್ಲಿ ಪ್ರತಿ ‘ಅಂತ’ವೂ ಒಂದು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಒಬ್ಬ ಮನುಷ್ಯ. ಇಷ್ಟುದ್ದದ್ದನ್ನು ಯಾರೂ ಹೇಳೋದಿಲ್ಲ. ನಡುವಿನ ಮೆಟ್ಟಿಲು ಹಾರಿಸಿ ಕೊನೆಯ ಒಂದೇ ‘ಅಂತ’ ಉಳಿಸಿಕೊಳ್ಳುತ್ತಾರೆ. ತಮ್ಮನಿಂದ ಬಂದ ಮಾತು ಅಂತ ಅವ್ವ ನನಗೆ ಹೇಳಲೇ ಇಲ್ಲ, ನಾನು ಅವಳೇ ನೇಕಾರರ ಹತ್ತಿರ ಮಾತಾಡಿದ್ದಾಳೆ ಅಂದುಕೊಂಡೆ.

ಇಲ್ಲಿ ವಾಕ್ಯ ರಿಪೇರಿ ಮಾಡುತ್ತಾ ಕೂರಬೇಡಿ. ಕೊನೆಯಿಂದ ಹಿಂದಕ್ಕೆ ಹೋಗಿ, ಪ್ರತಿಯೊಬ್ಬರಿಗೂ ಒಂದೇ ಕೇಳಿ: “ಅವರ ಬಾಯಿಂದ ಬಂದ ಮಾತು ಹ್ಯಾಂಗಿತ್ತು, ಹಂಗ ಹೇಳು.” ಅರ್ಥ ಕೇಳಬೇಡಿ, ಮಾತು ಕೇಳಿ. ಜನ ಅರ್ಥ ಹೇಳುವಾಗ ತಮ್ಮದೂ ಸೇರಿಸುತ್ತಾರೆ. ಮಾತನ್ನೇ ಹೇಳು ಅಂದರೆ ಬಹಳ ಜನರಿಗೆ ‘ಮಾಡೀನಿ’ಯಂಥ ಬಾಲವೂ ನೆನಪಿಗೆ ಬರುತ್ತದೆ. ತಮ್ಮನಿಗೆ ಹಾಗೇ ಬಂತು. ಅದರ ಜೊತೆಗೆ ‘ಸಿಕ್ರ’ ಅನ್ನೋದು ಅವ್ವನ ಹತ್ತಿರ ಬಿದ್ದದ್ದೂ ಆಗಲೇ ಗೊತ್ತಾಯಿತು. ಇಂಥ ‘ಸಿಕ್ರ’, ‘ಆದ್ರ’, ‘ಇದ್ರ’ಗಳು ದಾರಿಯಲ್ಲಿ ಮೊದಲು ಉದುರುವ ಎಲೆಗಳು. ‘ಸಿಕ್ಕರೆ ಬರುತ್ತೇನೆ’ ಅನ್ನೋದು ‘ಬರುತ್ತಾರೆ’ ಆಗೋದಕ್ಕೆ ಒಂದು ಬಾಯಿ ಸಾಕು.

ಬರೆಯುವಾಗ ಬೇರೆ ಕಷ್ಟ. ‘ಬರುತ್ತೇನೆ ಎಂದು ಅಂತ ಹೇಳಿದರು’ ಅಂತ ಎರಡೂ ಹಾಕುತ್ತಾರೆ. ‘ಎಂದು’ ಬರಹದ್ದು, ‘ಅಂತ’ ಮಾತಿನದ್ದು, ಕೆಲಸ ಒಂದೇ, ಒಂದು ಸಾಕು. ಪತ್ರಿಕೆಯವರದ್ದು ಇನ್ನೊಂದು ದಾರಿ: ‘ಶುಕ್ರವಾರ ಬರುವುದಾಗಿ ತಿಳಿಸಿದ್ದಾರೆ’. ಇದರಲ್ಲಿ ನಾನು, ಅವನು ಎರಡೂ ಇಲ್ಲ, ಅಚ್ಚುಕಟ್ಟಾಗಿದೆ, ಹೇಳಿದವರೇ ಬರುವವರು ಅಂತ ಓದುಗ ಹಿಡಿದುಕೊಳ್ಳುತ್ತಾನೆ. ಬರುವವರು ಬೇರೆಯಾಗಿದ್ದರೆ ಮಾತ್ರ ಹೆಸರು ಬೇಕು.

ಎಲ್ಲಿ ನಿಲ್ಲಿಸಿ, ಮೂಲಕ್ಕೇ ಹೋಗಬೇಕು

ಔಷಧದ ವಿಷಯ ಬಂದರೆ ಮೇಲಿನ ಯಾವ ತಪಾಸಣೆಯನ್ನೂ ನಂಬಬೇಡಿ. “ಜ್ವರ ಇದ್ರ ಕೊಡ್ರಿ” ಅನ್ನೋದರಲ್ಲಿ ‘ಇದ್ರ’ ಬಿದ್ದರೆ ಮಾತ್ರೆ ಸುಮ್ನೆ ಹೊಟ್ಟೆಗೆ ಹೋಗುತ್ತದೆ. “ಕೊಡಬ್ಯಾಡ ಅಂದಾರ” ಅನ್ನೋದು “ಕೊಡಂತ ಹೇಳಿಲ್ಲ” ಆದರೆ ಇನ್ನೂ ಅಪಾಯ. ಚೀಟಿಯ ಫೋಟೋ ತರಿಸಿಕೊಳ್ಳಿ, ಅದೂ ಓದೋದಕ್ಕೆ ಆಗದಿದ್ದರೆ ಡಾಕ್ಟರಿಗೆ ಅಥವಾ ಔಷಧ ಅಂಗಡಿಗೆ ನೀವೇ ಫೋನ್ ಹಚ್ಚಿ.

ರೊಕ್ಕದ ಮಾತೂ ಹಾಗೇ. “ಆ ನಂಬರಿಗೆ ಹಾಕಬೇಕಂತ” ಅಂತ ಯಾರಾದರೂ ದಾಟಿಸಿದರೆ, ಅಲ್ಲಿ ಬಾಲವೂ ಇಲ್ಲ, ಹೇಳಿದವರೂ ಇಲ್ಲ. ರೊಕ್ಕ ಬೇಕಾದವರ ದನಿ ನಿಮ್ಮ ಕಿವಿಗೆ ಬೀಳೋವರೆಗೆ ಹಾಕಬೇಡಿ. ಯಾರಿಗೋ ಹೆಚ್ಚು ಕಡಿಮೆ ಆಗಿದೆ ಅನ್ನೋ ಸುದ್ದಿ ‘ಹೋದ್ರಂತ’ ಅಂತ ಬಂದರೆ, ಆಸ್ಪತ್ರೆಗೆ ಹೋದರೋ, ಊರಿಗೆ ಹೋದರೋ, ತೀರಿಹೋದರೋ ಗೊತ್ತಾಗೋವರೆಗೆ ಇನ್ನೊಬ್ಬರಿಗೆ ದಾಟಿಸಬೇಡಿ. ಇದನ್ನು ನಗಿಸೋದಕ್ಕೆ ಹೇಳುತ್ತಿಲ್ಲ.

ಜಗಳದ ಮಾತು ನಿಮ್ಮ ಕೈಗೆ ಬಂದರೆ ಸರಿ ತಪ್ಪು ಯಾವುದನ್ನೂ ದಾಟಿಸಬೇಡಿ, ಇಬ್ಬರನ್ನೂ ಒಂದೇ ಫೋನಿಗೆ ಕೂಡಿಸಿಬಿಡಿ.

ಸೀರೆಯವರ ಮಾತನ್ನು ಗುರುವಾರ ರಾತ್ರಿ ಹೇಗೆ ಹೇಳಬೇಕಿತ್ತು ಅಂತ ಆಮೇಲೆ ಅವ್ವನಿಗೆ ಹೇಳಿಕೊಟ್ಟೆ: “ತಮ್ಮಗ ನಿನ್ನೆ ನೇಕಾರರು ಫೋನ್ ಮಾಡಿದ್ರು. ದಾಳಿಂಬರಿ ರೇಷ್ಮಿ ಇನ್ನೂ ಸಿಕ್ಕಿಲ್ಲಂತ. ಇವತ್ತ ಅವರ ಹುಬ್ಬಳ್ಳಿಗೆ ಹೋಗಿ ನೋಡ್ತೀನಂದಾರ. ಸಿಕ್ರ ಶುಕ್ರವಾರ ಅವರ ಇಲ್ಲೆ ನಮ್ಮ ಮನಿಗೆ ಬರ್ತೀನಂದಾರ. ಅಲ್ಲಿತನಕ ರೊಕ್ಕ ಹಾಕಬ್ಯಾಡ್ರಿ ಅಂದಾರ.”

“ಇಷ್ಟುದ್ದ ಯಾರ ಹೇಳ್ತಾರವ್ವಾ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನಗ ನಾಳೆ ಫೋನ್ ಮಾಡಬೇಕಂತ” ಅಂದಳು. ಯಾರು ಅಂತ ಕೇಳಿದೆ. “ಅದನ್ನ ನಿನ್ನ ತಮ್ಮಗ ಕೇಳು, ನಾ ಇನ್ನ ಯಾರ ಮಾತೂ ಹೇಳಂಗಿಲ್ಲ” ಅಂತ ಫೋನ್ ಅವನ ಕೈಗೆ ಕೊಟ್ಟಳು.